“ಅಮ್ಮಾ ಲಿಸ್ಟ್ ಹಾಕಿದ್ರು 😭😭😭😭😭😭”

ಮೀಟಿಂಗ್ ನಡೆಯುತ್ತಿದ್ದಾಗ ಹದಿನಾರರ ಮಗಳಿಂದ ಈ ಮೆಸೇಜು ಬಂತು. ಬೇರೇನೂ ಇಲ್ಲ. ವಾಲಿಬಾಲ್ ತಂಡದ ಆಯ್ಕೆಗೆ ಅಂತ ಮೂರು ವಾರ ಬೆಳಗಾಗುವ ಮೊದಲೇ ಎದ್ದು ಓಡಿದ ಹುಡುಗಿ. ನನ್ನ ಎದೆ ಧಸಕ್ಕೆಂದಿತು. ಎದ್ದು ಹೊರಗೆ ಬಂದು ಫೋನ್ ಮಾಡಿದೆ, ಎತ್ತಲಿಲ್ಲ. ಎಲ್ಲೋ ಮೂಲೆಯಲ್ಲಿ ಕೂತು ಅಳುತ್ತಿದ್ದಾಳೆ ಅಂದುಕೊಂಡು ಬರೆದೆ: “ಪರವಾಗಿಲ್ಲ ಪುಟ್ಟಾ, ಮುಂದಿನ ಸಲ ಆಗುತ್ತೆ. ಅಳಬೇಡ.”

ತಕ್ಷಣ ಉತ್ತರ ಬಂತು. “ಅಯ್ಯೋ ಸೆಲೆಕ್ಟ್ ಆದೆ ಅಮ್ಮಾ!! ನೀನ್ಯಾಕೆ ಹೀಗೆ 😭😭”

ಮೊದಲ ಆರು ಖುಷಿಯವು. ಕೊನೆಯ ಎರಡು ನನ್ನನ್ನು ನೋಡಿ ನಕ್ಕದ್ದು. ಒಂದೇ ಮುಖ, ಒಂದೇ ನಿಮಿಷ, ಎರಡು ಅರ್ಥ.

ಸಂಜೆ ಅವಳನ್ನೇ ಕೂರಿಸಿಕೊಂಡು ಪಾಠ ಹೇಳಿಸಿಕೊಂಡೆ. “ನಗು ಬಂದ್ರೆ 😂 ಹಾಕಬಾರದಾ?” ಅಂದೆ. “ಅದು ನಿಮ್ಮ ಕಾಲದ್ದು” ಅಂದಳು. ನಿಮ್ಮ ಕಾಲ ಅಂದರೆ ಯಾವುದೋ ಹಳೇ ಕಾಲ ಅಲ್ಲ. ಈ ಎರಡೂ ಮುಖಗಳು ಯೂನಿಕೋಡ್‌ಗೆ ಸೇರಿದ್ದು 2010ರಲ್ಲೇ, ಒಟ್ಟಿಗೇ. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು 😂 ಅನ್ನೇ ವರ್ಷದ ಪದ ಅಂತ ಆರಿಸಿದ್ದರು. ಆಮೇಲೆ ನಾವೆಲ್ಲ ಅದನ್ನು ಗುಡ್ ಮಾರ್ನಿಂಗ್‌ಗೂ ಹಾಕಿ ಹಾಕಿ ಸವೆಸಿಬಿಟ್ಟೆವು. ಈಗ ಅವಳ ಕಣ್ಣಿಗೆ ಅದು ಸುಮ್ನೆ ಮರ್ಯಾದೆಗೆ ನಕ್ಕ ಹಾಗೆ. ನಿಜವಾಗಿ ಬಿದ್ದು ಬಿದ್ದು ನಕ್ಕರೆ ಅದಕ್ಕಿಂತ ದೊಡ್ಡದು ಬೇಕಲ್ವಾ? 2021ರ ಹೊತ್ತಿಗೆ ಟ್ವಿಟರ್‌ನಲ್ಲಿ 😭 ಅದನ್ನು ಹಿಂದೆ ಹಾಕಿತ್ತು.

ಆದರೆ ದೊಡ್ಡದಕ್ಕೆ ಇದೇ ಯಾಕೆ? ಅವಳ ಫೋನಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. 😂 ಕಣ್ಣಂಚಿನಲ್ಲಿ ಬರೀ ಎರಡು ಹನಿ. 😭ರಲ್ಲಿ ಹೊಳೆಯೇ ಹರಿಯುತ್ತಿದೆ. ಆ ನೀರನ್ನು ಬೆರಳಿನಿಂದ ಮುಚ್ಚಿಕೊಂಡರೆ ಉಳಿದ ಮುಖ ಅಳುತ್ತಿದೆಯೋ ಕಿರುಚುತ್ತಿದೆಯೋ ನಗುತ್ತಿದೆಯೋ ಅಂತ ನನಗಂತೂ ಗಟ್ಟಿಯಾಗಿ ಹೇಳಲಾಗಲಿಲ್ಲ. ಹೊಟ್ಟೆ ಹುಣ್ಣಾಗುವಂತೆ ನಗುವವರ ಫೋಟೋ ತೆಗೆದು ನೋಡಿ, ಅದೂ ಹೀಗೇ ಇರುತ್ತದೆ. ಮಕ್ಕಳು ಅರ್ಥ ಬದಲಿಸಿಲ್ಲ, ಅಳತೆಯನ್ನು ಹೆಚ್ಚಿಸಿದ್ದಾರೆ, ಅಷ್ಟೇ.

ನಗು ಒಂದೇ ಅಲ್ಲ. ಗೆಳತಿ ಕಳಿಸಿದ ನಾಯಿಮರಿಯ ಫೋಟೋದ ಕೆಳಗೂ ನಾಲ್ಕು 😭 ಇತ್ತು. ಇದು ‘ತಡೆಯಕ್ಕಾಗ್ತಿಲ್ಲ’ ಅನ್ನುವ ಅಳು. ಮುದ್ದಾದ ಮಗುವನ್ನು ಕಂಡರೆ ಕೆನ್ನೆ ಕಚ್ಚಿಬಿಡಬೇಕು ಅನಿಸುತ್ತದಲ್ಲ, ಆ ಜಾತಿಯದು. ಒರಿಯಾನಾ ಅರಗೊನ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು 2015ರಲ್ಲಿ ಇದರ ಬಗ್ಗೆ ಒಂದು ಸಂಶೋಧನೆ ಪ್ರಕಟಿಸಿದ್ದರು. ಖುಷಿ ಉಕ್ಕಿದಾಗ ಹೀಗೆ ಉಲ್ಟಾ ಭಾವ ತೋರಿಸುವುದು ಆ ಉಕ್ಕನ್ನು ಇಳಿಸಲು ನೆರವಾಗಬಹುದು ಅನ್ನುವುದು ಅವರ ವಾದ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ. ಆನಂದಬಾಷ್ಪ ಅನ್ನುವ ಪದ ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ ಬಿಡಿ.

“ಹಾಗಾದ್ರೆ ನಿಜವಾಗ್ಲೂ ಅಳು ಬಂದ್ರೆ?” ಅಂದೆ.

“ಆಗ ಯಾರಮ್ಮ ಇಮೋಜಿ ಹಾಕ್ತಾರೆ?”

ಇದೇ ನನಗೆ ಸಿಕ್ಕ ಗುರುತು. ಎಣಿಕೆ ಜಾಸ್ತಿಯಾದಷ್ಟೂ, ಜೊತೆಗೆ ಎರಡೆರಡು ಆಶ್ಚರ್ಯಚಿಹ್ನೆ ಇದ್ದಷ್ಟೂ ಖುಷಿ. ಬೇಸರ ಸದ್ದಿಲ್ಲದೆ ಬರುತ್ತದೆ. ಇದು ನನ್ನ ಮಗಳ ಲೆಕ್ಕ. ನನ್ನ ವಯಸ್ಸಿನವರಿಗೆ ಹಿಡಿಯುವುದಿಲ್ಲ. ಕುಟುಂಬದ ಗ್ರೂಪಿನಲ್ಲಿ ದೊಡ್ಡಪ್ಪ ತೀರಿಕೊಂಡ ಸುದ್ದಿಗೆ ನಾವೆಲ್ಲ ಸಾಲು ಸಾಲಾಗಿ 😭 ಹಾಕಿದ್ದೆವು. “ಒಂದು ಕ್ಷಣ ಎಲ್ಲರೂ ನಗ್ತಿದ್ದೀರಿ ಅನಿಸ್ತು” ಅಂತ ಅವಳು ಈಗ ಒಪ್ಪಿಕೊಂಡಳು. ಅವಳು ಆವತ್ತು ಏನೂ ಹಾಕಿರಲಿಲ್ಲ. ಈ ಹುಡುಗಿಗೆ ಸಂಕಟವೇ ಆಗಲಿಲ್ಲವಾ ಅಂತ ನಾನು ಒಳಗೊಳಗೇ ಮುನಿಸಿಕೊಂಡಿದ್ದೆ.

ಹತ್ತು ದಿನದ ಮೇಲೆ ಅಭ್ಯಾಸ ಮುಗಿಸಿ ಮೆಸೇಜು ಮಾಡಿದಳು. “ಹೊರಟೆ.”

ಒಂದು ಪದ, ಕೊನೆಗೊಂದು ಪೂರ್ಣವಿರಾಮ. ಇನ್ನೇನೂ ಇಲ್ಲ. ಎಂದೂ ಪೂರ್ಣವಿರಾಮ ಹಾಕದ ಹುಡುಗಿ. ನಾನು ಏನನ್ನೂ ಬರೆಯಲಿಲ್ಲ. ಗಾಡಿ ಕೀ ತೆಗೆದುಕೊಂಡು ಅವಳು ಬರುವ ದಾರಿಗೆ ಹೊರಟೆ.