ಸಾಹೇಬ್ರ ಮುಖ ನೋಡಿಕೊಂಡು ಕಳೆದುಹೋದ ಮೂರು ದಿನ

ಬ್ಯಾಂಕ್ ಶಾಖೆಯೊಂದು ಮ್ಯಾನೇಜರರ ಮೂಡಿನ ಮೇಲೆ ನಡೆಯುತ್ತಿದೆ ಎಂದು ತಿಳಿಯಲು ಅವರು ಕೂಗಾಡುವುದನ್ನು ಕೇಳಬೇಕಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಕ್ಯಾಬಿನ್ ಹೊರಗೆ ನಿಂತರೆ ಸಾಕು. ಒಳಗೆ ಟೀ ಇಟ್ಟು ಬಂದ ಅಟೆಂಡರನ್ನು ಇಬ್ಬರು ಮೂವರು ತಡೆದು ಮೆಲ್ಲಗೆ ಕೇಳುತ್ತಾರೆ: "ಹೆಂಗಿದಾರೆ ಇವತ್ತು?" ಅವನು ತಲೆ ಅಲ್ಲಾಡಿಸುವ ರೀತಿ ನೋಡಿ ಯಾವ ಫೈಲು ಒಳಗೆ ಹೋಗಬೇಕು, ಯಾವುದು ಮೇಜಿನ ಮೇಲೇ ಉಳಿಯಬೇಕು ಎಂಬುದು ತೀರ್ಮಾನವಾಗುತ್ತದೆ.

ಇನ್ನೂ ಖಚಿತವಾದ ಗುರುತು ಸಿಸ್ಟಂ ಒಳಗೇ ಇದೆ. ಮ್ಯಾನೇಜರ್ ಪವರ್ ಬೇಕಾದ ಎಂಟ್ರಿಗಳಲ್ಲಿ ಹಾಕಿದ ಸಮಯ, ವೆರಿಫೈ ಆದ ಸಮಯ ಎರಡೂ ದಾಖಲಾಗಿರುತ್ತವೆ. ಒಂದು ವಾರದ್ದನ್ನು ತೆಗೆದು ನೋಡಿ. ಆರೋಗ್ಯವಾಗಿರುವ ಶಾಖೆಯಲ್ಲಿ ಈ ಎಂಟ್ರಿಗಳು ದಿನದುದ್ದಕ್ಕೂ ಹರಡಿಕೊಂಡಿರುತ್ತವೆ. ಹೆದರಿದ ಶಾಖೆಯಲ್ಲಿ ಬೆಳಿಗ್ಗೆ ಹಾಕಿದ ಎಂಟ್ರಿ ಮಧ್ಯಾಹ್ನದವರೆಗೂ ಬಿದ್ದಿರುತ್ತದೆ. ಊಟ ಆಯ್ತು, ಸಾಹೇಬ್ರು ನಕ್ಕರು ಎಂಬ ಸುದ್ದಿ ಹಬ್ಬಿದ ಮೇಲೆ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಹಾಗೆ ನುಗ್ಗಿದಾಗ ಯಾವ ಮ್ಯಾನೇಜರೂ ಒಂದೊಂದನ್ನೂ ಓದಿ ವೆರಿಫೈ ಮಾಡುವುದಿಲ್ಲ. ಆಡಿಟ್‌ನಲ್ಲಿ ಸಿಗುವ ತಪ್ಪುಗಳಲ್ಲಿ ಎಷ್ಟೋ ಹುಟ್ಟುವುದು ಈ ಕೊನೆಯ ಗಂಟೆಯಲ್ಲೇ.

ಬೈಗುಳ ಕೇಳಿಸಿಕೊಂಡವರ ನೋವು ಸಣ್ಣದಲ್ಲ. ಆದರೆ ಶಾಖೆಗೆ ಅದಕ್ಕಿಂತ ದೊಡ್ಡ ನಷ್ಟವಾಗುವುದು ಕೆಟ್ಟ ಸುದ್ದಿ ತಡವಾಗಿ ತಲುಪುವುದರಿಂದ. 2025ರ ಜೂನ್ ಕೊನೆಯಲ್ಲಿ ಒಂದು ಶಾಖೆಯಲ್ಲಿ ನಡೆದ ಪ್ರಕರಣ ಇದನ್ನು ದಿನಾಂಕ ಸಮೇತ ತೋರಿಸುತ್ತದೆ.

ಹಿಟ್ಟಿನ ಗಿರಣಿ ಇಟ್ಟುಕೊಂಡ ಒಬ್ಬ ಗ್ರಾಹಕರ ಟರ್ಮ್ ಲೋನ್ ಅದು. ಬಾಕಿ ಸುಮಾರು 6 ಲಕ್ಷ, ತಿಂಗಳ ಕಂತು 18,400. ಮಾರ್ಚ್ 31ರ ಕಂತು ಬರಲಿಲ್ಲ, ಏಪ್ರಿಲ್ 30ರದ್ದೂ ಮೇ 31ರದ್ದೂ ಬರಲಿಲ್ಲ. ರಿಸರ್ವ್ ಬ್ಯಾಂಕಿನ 2021ರ ನವೆಂಬರ್ ಸುತ್ತೋಲೆ ಬಂದಮೇಲೆ ಈ ಲೆಕ್ಕದಲ್ಲಿ ಯಾರ ದಾಕ್ಷಿಣ್ಯವೂ ನಡೆಯುವುದಿಲ್ಲ. ಮಾರ್ಚ್ 31ರಂದು ಸಿಸ್ಟಂ ದಿನದ ಲೆಕ್ಕ ಮುಗಿಸುವ ಡೇ ಎಂಡ್ ವೇಳೆಗೆ ಪೂರ್ತಿ ಬಾಕಿ ಬರದಿದ್ದರೆ ಓವರ್‌ಡ್ಯೂ ಅಂದಿನಿಂದಲೇ ಶುರು. ಏಪ್ರಿಲ್ 30ಕ್ಕೆ ಎಚ್ಚರಿಕೆಯ ಹಂತವಾದ ಎಸ್‌ಎಂಎ-1, ಮೇ 30ಕ್ಕೆ ಅದರ ಮುಂದಿನ ಎಸ್‌ಎಂಎ-2, ಜೂನ್ 29ಕ್ಕೆ ಕೆಟ್ಟ ಸಾಲ ಎಂಬ ಎನ್‌ಪಿಎ. ಆ ದಿನದ ಡೇ ಎಂಡ್ ಓಡಿದ ಕೂಡಲೇ ಸಿಸ್ಟಂ ತಾನೇ ಗುರುತು ಹಾಕುತ್ತದೆ.

ಕಟ್ಟಿದ ಹಣ ಮೊದಲು ಹಳೆಯ ಬಾಕಿಗೆ ಜಮಾ ಆಗುತ್ತದೆ. ಆದ್ದರಿಂದ ಜೂನ್ 29ರೊಳಗೆ ಒಂದೇ ಒಂದು ಕಂತು, 18,400 ಬಂದಿದ್ದರೂ ಮಾರ್ಚ್ ಬಾಕಿ ತೀರಿ ಓವರ್‌ಡ್ಯೂ ಎಣಿಕೆ ಏಪ್ರಿಲ್ 30ಕ್ಕೆ ಸರಿಯುತ್ತಿತ್ತು. ಖಾತೆ ಎಸ್‌ಎಂಎ-2ರಲ್ಲೇ ಉಳಿದರೂ ಎನ್‌ಪಿಎಗೆ ಜಾರುತ್ತಿರಲಿಲ್ಲ.

ಆ ಹಣ ಇರಲಿಲ್ಲವೆಂದೂ ಅಲ್ಲ. ಜೂನ್ 25, ಬುಧವಾರ ಗ್ರಾಹಕರೇ ಲೋನ್ ಸೆಕ್ಷನ್ನಿನ ಆಫೀಸರಿಗೆ ಫೋನ್ ಮಾಡಿ, ಸಾಲಕ್ಕೆ ಭದ್ರತೆಯಾಗಿ ಬ್ಯಾಂಕಿನ ಹಿಡಿತ, ಅಂದರೆ ಲೀನ್ ಇರುವ ತಮ್ಮ 25,000ದ ಎಫ್‌ಡಿ ಮುರಿದು ಕಂತಿಗೆ ಹಾಕಿಕೊಳ್ಳಿ ಎಂದರು. ಮಧ್ಯಾಹ್ನದೊಳಗೆ ಬಂದು ಅರ್ಜಿಗೆ ಸಹಿಯನ್ನೂ ಹಾಕಿ ಹೋದರು. ಉಳಿದದ್ದು ಲೀನ್ ತೆಗೆಯಲು ಮ್ಯಾನೇಜರರ ಒಪ್ಪಿಗೆ ಮಾತ್ರ, ಐದು ನಿಮಿಷದ ಕೆಲಸ.

ಬುಧವಾರ ಬೆಳಿಗ್ಗೆ ರೀಜನಲ್ ಆಫೀಸ್, ಅಂದರೆ ಆರ್‌ಒ ಜೊತೆ ವಿಡಿಯೋ ಕಾನ್ಫರೆನ್ಸ್, ವಿಸಿ ಇತ್ತು. ಕ್ವಾರ್ಟರ್ ಎಂಡ್ ಹತ್ತಿರ, ಜಾರಬಹುದಾದ ಖಾತೆಗಳ ಪಟ್ಟಿ ಹಿಡಿದು ಒಬ್ಬೊಬ್ಬ ಮ್ಯಾನೇಜರನ್ನೂ ಎಲ್ಲರೆದುರು ನಿಲ್ಲಿಸಿ ಕೇಳುವ ವಿಸಿ. ಮುಗಿಸಿ ಬಂದವರ ಮುಖ ಕೆಂಪಾಗಿತ್ತು. ಮೊದಲು ಒಳಗೆ ಹೋದ ಕ್ಲರ್ಕ್ ಚೆಕ್‌ಬುಕ್ ರಿಜಿಸ್ಟರಿನ ವಿಷಯಕ್ಕೆ ಬೈಸಿಕೊಂಡು ಬಂದ. ಆಫೀಸರ್ ಅರ್ಜಿಯನ್ನು ಫೈಲೊಳಗೆ ಇಟ್ಟು, ನಾಳೆ ನೋಡಿದರಾಯಿತು ಎಂದುಕೊಂಡರು. 29ಕ್ಕೆ ಇನ್ನೂ ನಾಲ್ಕು ದಿನ ಇದೆಯಲ್ಲ ಎಂಬ ಲೆಕ್ಕ.

ಗುರುವಾರ ಮ್ಯಾನೇಜರ್ ನಗುನಗುತ್ತ ಬಂದರು. ಮಗಳಿಗೆ ಸೀಟು ಸಿಕ್ಕಿತ್ತು, ಸ್ವೀಟು ಹಂಚಿದರು. ಅಂದಾದರೂ ಕಾಗದ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. "ಇವತ್ತು ಚೆನ್ನಾಗಿದಾರೆ, ಯಾಕೆ ಸುಮ್ನೆ ಎನ್‌ಪಿಎ ಮಾತು ತೆಗೆದು ಮೂಡ್ ಕೆಡಿಸ್ತೀರಿ?" ಎಂದು ಪಕ್ಕದ ಮೇಜಿನವರೇ ತಡೆದರು. ಮೂಡಿನ ಶಾಖೆಯಲ್ಲಿ ಕೆಟ್ಟ ದಿನದಷ್ಟೇ ಒಳ್ಳೆಯ ದಿನವೂ ಅಪಾಯ. ಬಾಸ್ ಸಿಟ್ಟಾಗಿದ್ದಾಗ ಹೇಳಲು ಹೆದರಿಕೆ, ಖುಷಿಯಾಗಿದ್ದಾಗ ಆ ಖುಷಿ ಕೆಡಿಸಲು ಸಂಕೋಚ. ಹೇಳುವುದಕ್ಕೆ ಸರಿಯಾದ ಗಳಿಗೆ ಯಾವತ್ತೂ ಬರುವುದಿಲ್ಲ.

ಶುಕ್ರವಾರ, 27ರಂದು ಮ್ಯಾನೇಜರ್ ಹತ್ತೂವರೆಗೇ ರಿಕವರಿಗೆಂದು ಹಳ್ಳಿಗಳ ಕಡೆ ಹೊರಟು ಸಂಜೆ ಬಂದರು. ಬಂದವರಿಗಾಗಿ ಸಹಿಯ ಫೈಲುಗಳ ರಾಶಿ ಕಾಯುತ್ತಿತ್ತು. ಗಿರಣಿಯವರ ಅರ್ಜಿ ಆ ರಾಶಿಯ ಅಡಿಯಲ್ಲಿತ್ತು. ತುರ್ತು ಎಂದು ಅದರ ಮೇಲೆ ಯಾರೂ ಬರೆದಿರಲಿಲ್ಲ. ಅರ್ಧ ಫೈಲು ಮುಗಿಸಿ, "ಉಳಿದಿದ್ದು ಸೋಮವಾರ" ಎಂದು ಎದ್ದುಬಿಟ್ಟರು.

ಆದರೆ 28 ನಾಲ್ಕನೇ ಶನಿವಾರ, ರಜೆ. 29 ಭಾನುವಾರ. ಡೇ ಎಂಡ್‌ಗೆ ಭಾನುವಾರವೂ ಒಂದು ದಿನವೇ. ಅಂದರೆ ಪಟ್ಟಿಯಲ್ಲಿ 29 ಎಂದಿದ್ದರೂ ಶಾಖೆಯ ಮಟ್ಟಿಗೆ ಕೊನೆಯ ದಿನ 27. ಇದನ್ನು ಯಾರೂ ಕ್ಯಾಲೆಂಡರ್ ನೋಡಿ ಎಣಿಸಿರಲಿಲ್ಲ. ಎಲ್ಲರ ಗಮನ ಕ್ಯಾಬಿನ್ ಬಾಗಿಲ ಮೇಲಿತ್ತು.

ಸೋಮವಾರ ಬೆಳಿಗ್ಗೆ ಖಾತೆ ಎನ್‌ಪಿಎ ಪಟ್ಟಿಯಲ್ಲಿತ್ತು. ಈಗ ಒಂದು ಕಂತು ಕಟ್ಟಿದರೆ ಪ್ರಯೋಜನವಿಲ್ಲ. ಒಮ್ಮೆ ಜಾರಿದ ಖಾತೆ ಮತ್ತೆ ಸ್ಟ್ಯಾಂಡರ್ಡ್ ಆಗಬೇಕಾದರೆ ಅಸಲು, ಬಡ್ಡಿ ಎರಡರ ಬಾಕಿಯೂ ಪೂರ್ತಿ ತೀರಬೇಕು. ಮಾರ್ಚ್, ಏಪ್ರಿಲ್, ಮೇ ಸೇರಿ 55,200. ಅದೇ ದಿನ, ಜೂನ್ 30ರ ಕಂತೂ ಬಿತ್ತು, ಒಟ್ಟು 73,600. ಎಫ್‌ಡಿಯ 25,000 ಹಾಕಿದರೂ ಇನ್ನೂ 48,600 ಬೇಕು. ವರ್ಗೀಕರಣ ಸಾಲಗಾರನನ್ನು ನೋಡಿ ಆಗುವುದರಿಂದ ಅವರ ಚಿನ್ನದ ಸಾಲವೂ ಎನ್‌ಪಿಎ ಆಯಿತು. ಸಣ್ಣ ಉದ್ಯಮದ ಸ್ಟ್ಯಾಂಡರ್ಡ್ ಸಾಲಕ್ಕೆ ಶೇಕಡಾ 0.25ರಂತೆ 1,500 ಇದ್ದ, ನಷ್ಟಕ್ಕೆಂದು ಬ್ಯಾಂಕ್ ತೆಗೆದಿಡುವ ಪ್ರಾವಿಷನ್, ಸೆಕ್ಯೂರ್ಡ್ ಸಬ್‌ಸ್ಟ್ಯಾಂಡರ್ಡ್‌ಗೆ ಶೇಕಡಾ 15ರಂತೆ 90,000ಕ್ಕೆ ಏರಿತು. ದುಡ್ಡು ಕಟ್ಟಲು ತಾನಾಗಿ ಬಂದ ಗ್ರಾಹಕರ ಕ್ರೆಡಿಟ್ ರಿಪೋರ್ಟಿಗೂ ಮಚ್ಚೆ ಬಿತ್ತು. ಕೊನೆಯ ಗಳಿಗೆಯಲ್ಲಿ ಖಾತೆ ಜಾರಿದ್ದರಲ್ಲಿ ಅವರ ತಪ್ಪು ಏನೂ ಇರಲಿಲ್ಲ ಎಂಬುದೇ ಹೆಚ್ಚು ಸಂಕಟದ ಮಾತು.

ಮ್ಯಾನೇಜರ್ ಅಂದು ಇಡೀ ಶಾಖೆಯನ್ನು ನಿಲ್ಲಿಸಿ ಕೇಳಿದ್ದು ಒಂದೇ: "ನನಗ್ಯಾಕ್ರೀ ಹೇಳ್ಲಿಲ್ಲ?" ಉತ್ತರ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಆರ್‌ಒ ಕೂಡ ಇದರಲ್ಲಿ ಪಾಲುದಾರ. ವಿಸಿಯಲ್ಲಿ ಮ್ಯಾನೇಜರನ್ನು ಅವಮಾನಿಸಿದರೆ ಆ ಅವಮಾನ ಹತ್ತು ನಿಮಿಷದಲ್ಲಿ ಕೌಂಟರಿಗೆ ಇಳಿಯುತ್ತದೆ, ಮರುದಿನದಿಂದ ಮೇಲೆ ಹೋಗುವ ಮಾಹಿತಿ ನಿಲ್ಲುತ್ತದೆ. ಇಷ್ಟು ಸರಳವಾದದ್ದು ರಿವ್ಯೂ ಮಾಡುವವರಿಗೆ ಇನ್ನೂ ಅರ್ಥವಾಗದಿರುವುದಕ್ಕೆ ನಿಜಕ್ಕೂ ಬೇಸರವಾಗುತ್ತದೆ.

ಇಂಥ ಶಾಖೆಯಲ್ಲಿ ಉಪಯೋಗಕ್ಕೆ ಬರುವ ಉಪಾಯವೆಂದರೆ, ಕೆಟ್ಟ ಸುದ್ದಿ ಹೋಗುವ ಹೊತ್ತನ್ನು ಮೂಡಿನಿಂದ ಬಿಡಿಸಿ ಗಡಿಯಾರಕ್ಕೆ ಕಟ್ಟುವುದು. ಬಾಕಿ ಬಿದ್ದು ಎಪ್ಪತ್ತೈದು ದಿನ ದಾಟಿದ ಖಾತೆಗಳ ಒಂದು ಹಾಳೆ ದಿನಾ ಬೆಳಿಗ್ಗೆ 10:15ಕ್ಕೆ ಮ್ಯಾನೇಜರ್ ಮೇಜಿಗೆ ಹೋಗಲಿ. ವಿಸಿ ಇರಲಿ, ಸ್ವೀಟು ಹಂಚುತ್ತಿರಲಿ, ಹೊತ್ತು ಬದಲಾಗಬಾರದು. ದಿನಾ ಬರುವ ಹಾಳೆಯನ್ನು ಯಾರೂ ತಮ್ಮ ಮೇಲಿನ ದೂರು ಎಂದು ತಿಳಿಯುವುದಿಲ್ಲ. ಅಪರೂಪಕ್ಕೆ ಹೋಗುವ ಹಾಳೆಗೇ ಬೈಗುಳ ಬೀಳುವುದು. ಅದನ್ನು ಒಯ್ಯುವ ಕೆಲಸ ಸರದಿಯಲ್ಲಿ ಬದಲಾಗಲಿ. ಹೊಸದಾಗಿ ಸೇರಿದ ಪ್ರೊಬೇಷನರನ್ನೇ ದಿನಾ ಮುಂದೆ ತಳ್ಳುವುದು ಅನ್ಯಾಯ.

ಹಾಳೆಯಲ್ಲಿ ಎನ್‌ಪಿಎ ದಿನಾಂಕದ ಪಕ್ಕದಲ್ಲೇ ಶಾಖೆಯ ಕೊನೆಯ ಕೆಲಸದ ದಿನ ಯಾವುದು ಎಂದು ಬರೆಯಬೇಕು. ಎರಡನೇ, ನಾಲ್ಕನೇ ಶನಿವಾರ, ಭಾನುವಾರ, ಹಬ್ಬ ಎಲ್ಲ ಕಳೆದು ಎಣಿಸಬೇಕು. ಪೂರ್ತಿ ಬಾಕಿಯ ಜೊತೆಗೆ, ಜಾರದಂತೆ ತಡೆಯಲು ಕನಿಷ್ಠ ಎಷ್ಟು ಸಾಕು ಎಂಬುದೂ ಇರಬೇಕು. 55,200 ಎಂದು ಕಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ, 18,400 ಎಂದು ಕಂಡರೆ ಒಂದು ದಾರಿ ಕಾಣುತ್ತದೆ. ಮತ್ತೆ ಮ್ಯಾನೇಜರ್ ಏನು ಮಾಡಬೇಕು ಎಂಬುದು ಒಂದೇ ಸಾಲಿನಲ್ಲಿ.

ಹೇಳುವ ರೀತಿಯೂ ಮುಖ್ಯ. "ಸಾರ್, ಬಿಡುವಾಗಿದ್ದೀರಾ? ಒಂದು ಪ್ರಾಬ್ಲಂ ಇದೆ" ಎಂದು ಶುರುಮಾಡಿದರೆ ಬಿಡುವಿದೆಯೋ ಇಲ್ಲವೋ ಎಂಬುದು ಅವರ ಮೂಡಿಗೆ ಬಿಟ್ಟಂತೆ. "ಸಾರ್, ಗಿರಣಿಯವರ ಖಾತೆಗೆ ಶುಕ್ರವಾರವೇ ಕೊನೆ. ಎಫ್‌ಡಿ ಅರ್ಜಿ ಬಂದಿದೆ, ಲೀನ್ ತೆಗೆಯೋಕೆ ಇಲ್ಲಿ ನಿಮ್ಮ ಸಹಿ ಬೇಕು" ಎಂದು ಪೆನ್ನಿನ ಜೊತೆ ಕಾಗದ ಮುಂದಿಟ್ಟರೆ ಸಿಟ್ಟಿನಲ್ಲಿದ್ದವರೂ ಬೈಯುತ್ತಲೇ ಸಹಿ ಹಾಕುತ್ತಾರೆ. ಬೈಗುಳ ಬಿದ್ದರೆ ಬೀಳಲಿ, ಖಾತೆ ಉಳಿಯುತ್ತದೆ.

ಸಹಿ ಆಗದೆ ಮಧ್ಯಾಹ್ನವಾದರೆ ಅದೇ ಸಾಲುಗಳನ್ನು ಶಾಖೆಯ ಇಮೇಲ್‌ನಿಂದ ಅವರಿಗೆ ಕಳಿಸಿ, ಎರಡನೇ ಸ್ಥಾನದ ಆಫೀಸರಿಗೂ ಒಂದು ಪ್ರತಿ ಹಾಕಬೇಕು. ಆರ್‌ಒ ರಿಕವರಿ ಸೆಕ್ಷನ್ನಿಗೆ ನೇರವಾಗಿ ಬರೆಯುವುದು ಕೊನೆಯ ದಾರಿ. ಅದನ್ನೂ ಮ್ಯಾನೇಜರಿಗೆ ಪ್ರತಿ ಇಟ್ಟೇ ಮಾಡಬೇಕು. ಬೆನ್ನ ಹಿಂದೆ ಹೋದದ್ದು ತಿಳಿದರೆ ಮುಂದಿನ ಒಂದು ವರ್ಷ ಆ ಮೇಜಿನಿಂದ ಯಾವ ಕಾಗದವೂ ಸಲೀಸಾಗಿ ಪಾಸಾಗುವುದಿಲ್ಲ.

ಈ ಹಾಳೆಯಿಂದ ಮನುಷ್ಯ ಬದಲಾಗುವುದಿಲ್ಲ. ಗ್ರಾಹಕರೆದುರು ಅವಮಾನಿಸುವುದು, ರಜೆ ಕೇಳಿದವರನ್ನು ಹಂಗಿಸುವುದು, ಹೆಂಗಸರ ಮೇಲೆ ಸಲ್ಲದ ಮಾತಾಡುವುದು ಇವೆಲ್ಲ ಮೂಡಿನ ವಿಷಯವಲ್ಲ. ಅವಕ್ಕೆ ದಿನಾಂಕ, ಹೊತ್ತು, ಆಡಿದ ಮಾತು, ಅಲ್ಲಿದ್ದವರ ಹೆಸರು ಬರೆದಿಟ್ಟುಕೊಂಡು ಯೂನಿಯನ್ ಅಥವಾ ಎಚ್‌ಆರ್ ಹತ್ತಿರ ಹೋಗಬೇಕು. ಹೆಂಗಸರ ಮೇಲಿನ ಸಲ್ಲದ ಮಾತು ಮಾತ್ರ ಆಂತರಿಕ ದೂರು ಸಮಿತಿಗೆ ಸೇರಿದ್ದು, ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. "ವರ್ಗಾವಣೆ ಆಗ್ತಾರೆ ಬಿಡಿ, ಸಹಿಸ್ಕೊಳಿ" ಎಂದು ಹಿರಿಯರು ಹೇಳುವುದನ್ನು ಕೇಳಿಕೊಂಡು ಕೂತರೆ ಆ ಮೂರು ತಿಂಗಳು ಹಾಗೆಯೇ ಕಳೆದುಹೋಗುತ್ತವೆ.