ಇಪ್ಪತ್ತೊಂದು ಸಾವಿರದ ಕಾಗದ

“ಬೆಂಗಳೂರಾಗ ಇಪ್ಪತ್ತೊಂದು ಸಾವಿರ ಕೊಡ್ತಾರಂತ್ರಿ ಸರ, ಹೋಗ್ಲೇನ್ರಿ?”

ಹೋದ ತಿಂಗಳು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಡುಗರ ಮುಂದೆ ನಾಕು ಮಾತಾಡಲು ಕರೆದಿದ್ದರು. ಹನುಮಪ್ಪನ ಗುಡಿ ಕಟ್ಟೆ, ಮೂವತ್ತು ಹುಡುಗರು, ಬಹುಪಾಲು ಐಟಿಐ ಮುಗಿಸಿದವರು. ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಮತ್ತು ಪಗಾರದ ಲೆಕ್ಕ ಬರೆದವನು ನಾನು. ಭಾಷಣ ನನ್ನ ಕೆಲಸವಲ್ಲ. ಹಾಗಾಗಿ ಈ ಪ್ರಶ್ನೆ ಬಂದ ಕೂಡಲೇ “ಕಾಗದ ತೋರಿಸಪಾ” ಅಂದೆ.

ಹುಡುಗ ಫಿಟ್ಟರ್. ಜೇಬಿನಿಂದ ತೆಗೆದ ಝೆರಾಕ್ಸ್ ನಾಲ್ಕು ಮಡಿಕೆಯಾಗಿ, ಮಡಿಕೆಯಲ್ಲಿ ಅಕ್ಷರ ಅಳಿಸಿತ್ತು. ಪೀಣ್ಯದ ಒಂದು ಕಾರ್ಖಾನೆಗೆ ಜನ ಒದಗಿಸುವ ಗುತ್ತಿಗೆದಾರ ಕೊಟ್ಟ ಕಾಗದ. ಕೊನೆ ಸಾಲಿನಲ್ಲಿ ದಪ್ಪಗೆ “ಸಿಟಿಸಿ 21,228”, ಅಂದರೆ ಒಬ್ಬ ಕೆಲಸಗಾರನ ಮೇಲೆ ಮಾಲೀಕರಿಗೆ ಬೀಳುವ ತಿಂಗಳ ಒಟ್ಟು ಖರ್ಚು. ಊರಿಗೆ ಬಂದ ಏಜೆಂಟ್ ಹೇಳಿದ್ದು ಇದೇ ಅಂಕಿ. ಆ ಸಾಲನ್ನು ಬೆರಳಿಂದ ಮುಚ್ಚಿ ಮೇಲಿನಿಂದ ಓದೋಣ ಅಂದೆ.

ಮೂಲ ವೇತನ 13,000, ಮನೆ ಬಾಡಿಗೆ ಮತ್ತಿತರ ಭತ್ಯೆ 5,000, ಒಟ್ಟು 18,000. ಅದರ ಕೆಳಗೆ ಮಾಲೀಕರ ಪಾಲಿನ ಪಿಎಫ್ 1,560, ಕೆಲಸಗಾರರ ಚಿಕಿತ್ಸೆಯ ವಿಮೆಯಾದ ಇಎಸ್‌ಐ 585, ಬೋನಸ್ 1,083. ಈ ಮೂರೂ ಸುಳ್ಳಲ್ಲ, ಆದರೆ ತಿಂಗಳ ಕೊನೆಗೆ ಕೈಗೆ ಬರುವ ದುಡ್ಡೂ ಅಲ್ಲ. ಇನ್ನು 18,000ದಲ್ಲಿ ನಿನ್ನ ಪಾಲಿನ ಪಿಎಫ್ ಮೂಲ ವೇತನದ ಶೇ 12, ಅಂದರೆ 1,560. ಇಎಸ್‌ಐ ಶೇ 0.75, ಅಂದರೆ 135. ಉಳಿದದ್ದು 16,305. ಇಪ್ಪತ್ತೊಂದು ಸಾವಿರ ಅಂದಿದ್ದು ಕಟ್ಟೆಯ ಮೇಲೆ ಕೂತಲ್ಲೇ ಐದು ಸಾವಿರ ಕರಗಿತು.

ಪಿಎಫ್ ಹಿಡಿಯುವುದು ಮೋಸ ಅಂತ ಹುಡುಗರು ಗೊಣಗುತ್ತಾರೆ. ಹಿಡಿದು ಕಟ್ಟದೇ ಇರುವುದು ಮೋಸ. ನನ್ನ ಮೊದಲ ಕೆಲಸದಲ್ಲೇ ಗುತ್ತಿಗೆದಾರನೊಬ್ಬ ಏಳು ತಿಂಗಳು ಹಿಡಿದ, ಒಂದು ತಿಂಗಳೂ ಕಟ್ಟಲಿಲ್ಲ. ನನಗೆ ಗೊತ್ತಾದದ್ದು ಕೆಲಸ ಬಿಟ್ಟ ಮೇಲೆ. ಈಗ ಕಾಯಬೇಕಿಲ್ಲ. ಪಿಎಫ್ ಖಾತೆಯ ಯುಎಎನ್ ನಂಬರ್ ಇಸಿದುಕೊಂಡು ಎರಡನೇ ಪಗಾರದ ಹೊತ್ತಿಗೆ ಪಿಎಫ್ ಪಾಸ್‌ಬುಕ್ ತೆರೆದು ನೋಡಿದರೆ, ಕಟ್ಟಿದ್ದಾರೋ ಇಲ್ಲವೋ, ಯಾರ ಹೆಸರಲ್ಲಿ ಕಟ್ಟಿದ್ದಾರೆ, ಎಲ್ಲ ಕಾಣುತ್ತದೆ. ಅಲ್ಲಿರುವುದು ಕಾರ್ಖಾನೆಯ ಹೆಸರಲ್ಲ, ಗುತ್ತಿಗೆದಾರನದು ಅನ್ನುವುದನ್ನು ನೋಡಿ ಎಷ್ಟೋ ಹುಡುಗರು ಬೆಚ್ಚುತ್ತಾರೆ. ಗೇಟಿನ ಮೇಲಿನ ಬೋರ್ಡು ಯಾರದೇ ಇರಲಿ, ಕಾಗದಕ್ಕೆ ಸಹಿ ಹಾಕಿದವನೇ ನಿನ್ನ ಮಾಲೀಕ.

ಕಾಗದದಲ್ಲಿ ಇಲ್ಲದ್ದು ಒಂದಿತ್ತು: ಎಷ್ಟು ತಾಸಿನ ಕೆಲಸ? ಹುಡುಗನಿಂದಲೇ ಫೋನ್ ಮಾಡಿಸಿ ಸ್ಪೀಕರಿಗೆ ಹಾಕಿಸಿದೆ. “ಹನ್ನೆರಡು ತಾಸು, ಎಲ್ಲಾ ಸೇರಿ” ಅಂತು ಆ ಕಡೆ. ಎಲ್ಲಾ ಸೇರಿ ಅನ್ನುವ ಈ ಎರಡು ಪದದಲ್ಲೇ ಇರುವುದು ಆಟ. 18,000ವನ್ನು 26 ದಿನ, ಎಂಟು ತಾಸಿಗೆ ಭಾಗಿಸಿದರೆ ತಾಸಿಗೆ 86 ರೂಪಾಯಿ ಚಿಲ್ಲರೆ. ಹನ್ನೆರಡಕ್ಕೆ ಭಾಗಿಸಿದರೆ 58ಕ್ಕೂ ಕಡಿಮೆ. ಹೆಚ್ಚಿನ ತಾಸಿನ ದುಡಿಮೆಗೆ, ಅಂದರೆ ಓಟಿಗೆ, ದುಪ್ಪಟ್ಟು ದರ ಕೊಡಬೇಕು ಅನ್ನುತ್ತದೆ ಕಾಯ್ದೆ. ಹಾಗಾದರೆ ನಾಲ್ಕು ತಾಸಿನ ಓಟಿ ಅಂದರೆ ಇನ್ನೊಂದು ಇಡೀ ದಿನದ ಪಗಾರ. “ಓಟಿ ಬೇರೆ ಕೊಡ್ತೀರೇನ್ರಿ?” ಅಂತ ಹುಡುಗ ಕೇಳಿದ. ಫೋನ್ ಕಟ್ಟಾಯಿತು. ಕಟ್ಟೆ ಮೇಲಿದ್ದವರೆಲ್ಲ ನಕ್ಕರು, ಅವನೊಬ್ಬ ನಗಲಿಲ್ಲ.

ಇಲ್ಲೇ ಕೊಪ್ಪಳದ ಹತ್ತಿರ ಗಿಣಿಗೇರಾ ಕಡೆಯ ಕಾರ್ಖಾನೆಯೊಂದರಲ್ಲಿ ಅವನಿಗೆ ಕೈಗೆ 13,500 ಸಿಗುವ ಕೆಲಸವೂ ಇತ್ತು. ಮನೆಯೂಟ, ಬಸ್ಸಿಗೆ 1,500, ಉಳಿಯುವುದು 12,000. ಪೀಣ್ಯದಲ್ಲಿ ನಾಲ್ಕು ಮಂದಿಯ ಪಿಜಿಗೆ ಊಟ ಸೇರಿ 6,500, ಓಡಾಟ ಮತ್ತು ಫೋನಿಗೆ 1,500, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗಲು 1,300 ಅಂತ ಅವನೇ ಹಿಡಿದ. ಅಲ್ಲಿ ಉಳಿಯುವುದು ಏಳು ಸಾವಿರ. ಪಿಜಿಯ ಅಡ್ವಾನ್ಸ್ ಬೇರೆ, ಮೊದಲ ಪಗಾರ ಬರುವ ಮುಂಚೆಯೇ.

ಇಷ್ಟಕ್ಕೇ ಊರು ಬಿಡಬೇಡ ಅಂದುಬಿಟ್ಟರೆ ಅದೂ ಅರ್ಧ ಲೆಕ್ಕ. ಐದು ಸಾವಿರ ಕಮ್ಮಿ ಉಳಿದರೂ ಸಿಎನ್‌ಸಿ ಮಷೀನ್ ಸೆಟ್ಟಿಂಗ್ ಕಲಿಸುವ ಜಾಗವಾದರೆ ನಾನೇ ಕಳಿಸುತ್ತೇನೆ. ಎರಡು ವರ್ಷಕ್ಕೆ ಅವನ ಬೆಲೆ ಬೇರೆ. ದಿನವಿಡೀ ಒಂದೇ ಸ್ಕ್ರೂ ಬಿಗಿಯುವ ಲೈನಾದರೆ ಎರಡು ವರ್ಷದ ನಂತರವೂ ಅವನು ಇಂದಿನ ಫಿಟ್ಟರೇ. ಇದನ್ನು ಏಜೆಂಟನಿಗೆ ಕೇಳಿ ಪ್ರಯೋಜನವಿಲ್ಲ, ಅಲ್ಲಿ ಆರು ತಿಂಗಳು ದುಡಿದವನನ್ನು ಕೇಳಬೇಕು. ಕಲಿತ ಐಟಿಐನ ಮೇಷ್ಟ್ರ ಹತ್ತಿರ ಹಳೆಯ ಬ್ಯಾಚಿನವರ ನಂಬರ್ ಇರುತ್ತದೆ. ಅಂಥವನಿಗೆ ನಾನು ಹಾಕಿಸುವ ಪ್ರಶ್ನೆ ಒಂದೇ: ನಿನ್ನ ಜೊತೆ ಸೇರಿದವರಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೆ?

ಹುಡುಗ ಅಂಥ ಒಬ್ಬನನ್ನು ಹುಡುಕಿದ, ಕುಷ್ಟಗಿ ಕಡೆಯವನು, ಅದೇ ಪೀಣ್ಯದ ಇನ್ನೊಂದು ವರ್ಕ್‌ಶಾಪಿನಲ್ಲಿದ್ದಾನೆ. ಕೈಗೆ ಹದಿನೈದು ಸಾವಿರ, ಎಂಟು ತಾಸು, ಓಟಿ ಬೇರೆ, ಲೇತ್ ಮೇಲೆ ಕೆಲಸ. ಎರಡು ದಿನ ಅವನ ರೂಮಿನಲ್ಲಿ ಉಳಿದು ನೋಡಿ ಬರುತ್ತೇನೆಂದು ಮೊನ್ನೆ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ. ಹಳೆಯ ಕಾಗದವೂ ಜೇಬಿನಲ್ಲೇ ಇತ್ತು, ಹಿಂಬದಿಯಲ್ಲಿ ನಾವು ಮಾಡಿದ ಲೆಕ್ಕದ ಸಮೇತ.