ಆರು ನಿಮಿಷದ ಶಾಲಾ ಬುಲೆಟಿನ್: ಸೆಕೆಂಡುಗಳ ಲೆಕ್ಕ ತಪ್ಪಿದ್ದು ಎಲ್ಲಿ

ನಮ್ಮ ಶಾಲೆಯಲ್ಲಿ ವಾರ್ತೆಯ ರೂಪದ ವಿಡಿಯೊ ಮಾಡಿಸುವ ಕೆಲಸ ನನ್ನದು. ಮಕ್ಕಳೇ ಆ್ಯಂಕರ್‌ಗಳು, ಮಕ್ಕಳೇ ವರದಿಗಾರರು. ಸ್ಕ್ರಿಪ್ಟ್ ಮತ್ತು ರನ್‌ಡೌನ್ ನಾನು ನೋಡಿಕೊಳ್ಳುತ್ತೇನೆ. ರನ್‌ಡೌನ್ ಅಂದರೆ ಯಾವ ಸುದ್ದಿ ಯಾವುದರ ನಂತರ, ಯಾರು ಓದುತ್ತಾರೆ, ಎಷ್ಟು ಸೆಕೆಂಡು ಎಂದು ಬರೆದಿಟ್ಟ ಒಂದು ಹಾಳೆ. ಮೊದಲ ಬುಲೆಟಿನ್‌ನಲ್ಲಿ ಆ ಹಾಳೆ ನನ್ನ ಹತ್ತಿರ ಇತ್ತು. ಆದರೆ ಅದರಲ್ಲಿದ್ದ ಸೆಕೆಂಡುಗಳು ನಿಜವಾಗಿರಲಿಲ್ಲ.

ಪ್ರಾರ್ಥನಾ ಸಭೆಯಲ್ಲಿ ನಮಗೆ ಸಿಕ್ಕಿದ್ದು ಆರು ನಿಮಿಷ. ಎಲ್ಲ ತುಣುಕುಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಎಂಟು ನಿಮಿಷ ಐವತ್ತೈದು ಸೆಕೆಂಡು. ಮರುದಿನ ಬೆಳಿಗ್ಗೆ ಪ್ರದರ್ಶನ. ಆ ರಾತ್ರಿ ಎರಡು ವರದಿಗಳ ಬಾಲ ಕತ್ತರಿಸಿದೆ, ಆಟದ ಸುದ್ದಿಯನ್ನು ಅರ್ಧ ಮಾಡಿದೆ. ಅಷ್ಟಕ್ಕೂ ಸಾಲದೆ ಕೊನೆಯ ವರದಿಯನ್ನು ಪೂರ್ತಿ ತೆಗೆದೆ. ಕಾರಿಡಾರಿನ ಟ್ಯೂಬ್‌ಲೈಟ್ ಮೇಲೆ ಹಕ್ಕಿ ಗೂಡು ಕಟ್ಟಿದ ಬಗ್ಗೆ ಆರನೇ ತರಗತಿಯ ಹುಡುಗಿ ಮಾಡಿದ ವರದಿ ಅದು. ಆದರೆ ಹೆಡ್‌ಲೈನ್‌ಗಳಲ್ಲಿ ಅದರ ಸಾಲು ಹಾಗೇ ಉಳಿದಿತ್ತು. ಮೂರೂ ಹೆಡ್‌ಲೈನ್ ಒಂದೇ ಉಸಿರಿನಲ್ಲಿ ಓದಿಸಿದ್ದರಿಂದ ನಡುವೆ ಕತ್ತರಿ ಹಾಕಲು ಜಾಗವೇ ಇರಲಿಲ್ಲ. ಹೀಗಾಗಿ ಇಡೀ ಶಾಲೆ ಹಕ್ಕಿಗೂಡಿನ ಸುದ್ದಿಗಾಗಿ ಕಾದಿತು. ಅದು ಬರಲೇ ಇಲ್ಲ. ಸಭೆ ಮುಗಿದ ಮೇಲೆ ಆ ಹುಡುಗಿ ಬಂದು, "ಮಿಸ್, ನಂದು ಬರ್ಲೇ ಇಲ್ವಲ್ಲ?" ಅಂದಳು. ಅವತ್ತಿನಿಂದ ನಾನು ಕೆಲಸ ಮಾಡುವ ಕ್ರಮವೇ ಬೇರೆಯಾಯಿತು.

ಮೊದಲ ತಪ್ಪು ಪದಗಳ ಲೆಕ್ಕದಲ್ಲಿತ್ತು. ಸೆಕೆಂಡಿಗೆ ಮೂರು ಪದ ಎಂಬ ಸೂತ್ರವನ್ನು ಎಲ್ಲೋ ಓದಿದ್ದೆ. ಅದು ಇಂಗ್ಲಿಷ್ ವಾರ್ತೆಗೆ ಹೇಳಿದ್ದು. ಕನ್ನಡದಲ್ಲಿ 'ಗ್ರಂಥಾಲಯದಲ್ಲಿರುವ' ಎನ್ನುವುದು ಒಂದೇ ಪದ. ಅದೇ ಮಾತಿಗೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದ ಬೇಕು. ವಿಭಕ್ತಿ, ಕ್ರಿಯೆಯ ಬಾಲ ಎಲ್ಲ ಸೇರಿ ನಮ್ಮ ಪದಗಳು ಉದ್ದ. ಆಮೇಲೆ ಸ್ಟಾಪ್‌ವಾಚ್ ಹಿಡಿದು ನಮ್ಮ ಆ್ಯಂಕರ್ ಮಕ್ಕಳಿಂದ ಓದಿಸಿ ನೋಡಿದೆ. ನಿಮಿಷಕ್ಕೆ ಸುಮಾರು 95 ಪದ ಬಂತು, ಅಂದರೆ ಸೆಕೆಂಡಿಗೆ ಒಂದೂವರೆ ಪದಕ್ಕಿಂತ ಸ್ವಲ್ಪ ಜಾಸ್ತಿ. ನಾನು 200 ಸೆಕೆಂಡಿಗೆಂದು 600 ಪದ ಬರೆದಿದ್ದೆ. ಅದನ್ನು ಓದಲು ಆರು ನಿಮಿಷಕ್ಕೂ ಜಾಸ್ತಿ ಬೇಕಿತ್ತು. ಹೆಚ್ಚಾದ ಸುಮಾರು ಮೂರು ನಿಮಿಷ ಪೂರ್ತಿ ಅಲ್ಲಿಂದಲೇ ಬಂದದ್ದು.

ನಿಮ್ಮ ಮಕ್ಕಳ ವೇಗ ಬೇರೆ ಇರಬಹುದು. ಅದನ್ನು ಅಳೆಯುವುದು ಸುಲಭ. ಯಾವುದಾದರೂ ನೂರು ಪದದ ಸುದ್ದಿ ಕೊಟ್ಟು, ಎರಡನೇ ಸಲ ಓದುವಾಗ ಸಮಯ ನೋಡಿ. ಮೊದಲ ಸಲ ತಡವರಿಸುತ್ತಾರೆ. ಮೂರನೇ ಸಲದ ಹೊತ್ತಿಗೆ ಬಾಯಿಪಾಠವಾಗಿ ಓಡುತ್ತಾರೆ. ಕ್ಯಾಮೆರಾ ಮುಂದೆ ಬರುವ ವೇಗ ಎರಡನೆಯದಕ್ಕೇ ಹತ್ತಿರ.

ಈಗಿನ ನನ್ನ ರನ್‌ಡೌನ್‌ನಲ್ಲಿ ಸಮಯಕ್ಕೇ ಮೂರು ಕಾಲಂಗಳಿವೆ. ಮೊದಲನೆಯದು ಅಂದಾಜು. ಎರಡನೆಯದು ರೆಕಾರ್ಡ್ ಆದ ಮೇಲಿನ ನಿಜವಾದ ಅವಧಿ. ಮೂರನೆಯದು 'ಇಲ್ಲಿಯವರೆಗೆ', ಅಂದರೆ ಆರಂಭದಿಂದ ಆ ಸುದ್ದಿ ಮುಗಿಯುವವರೆಗಿನ ಒಟ್ಟು. ಎರಡನೇ ಬುಲೆಟಿನ್‌ನ ಅಂದಾಜು ಹೀಗಿತ್ತು. ಶೀರ್ಷಿಕೆ ಮತ್ತು ಮೂರು ಹೆಡ್‌ಲೈನ್ ಸೇರಿ 30 ಸೆಕೆಂಡು. ಸೋರುವ ನಲ್ಲಿಗಳ ಸುದ್ದಿಗೆ 90, ಆಗ ಒಟ್ಟು ಎರಡು ನಿಮಿಷ. ಗ್ರಂಥಾಲಯದ ಹೊಸ ಸಮಯದ ಸುದ್ದಿಗೆ 75. ನಂತರ ಆ್ಯಂಕರ್ ಓದಿ, ಮೇಲೆ ದೃಶ್ಯ ಮಾತ್ರ ಬರುವ ಎರಡು ಚುಟುಕು ಸುದ್ದಿಗೆ ತಲಾ 20. ಆಟಕ್ಕೆ 65, ಅಲ್ಲಿಗೆ ಐದು ನಿಮಿಷ. ಕೊನೆಯ ಹಗುರ ವರದಿಗೆ 45, ಮುಕ್ತಾಯಕ್ಕೆ 15. ಸರಿಯಾಗಿ ಆರು ನಿಮಿಷ.

ಎರಡನೇ ತಪ್ಪು, ಎಲ್ಲವನ್ನೂ ಮೊದಲೇ ಬರೆದು ಆ್ಯಂಕರ್‌ಗಳ ಭಾಗವನ್ನೇ ಮೊದಲು ಶೂಟ್ ಮಾಡಿದ್ದು. ಆ್ಯಂಕರ್ ಶೂಟಿಂಗ್ ಒಂದೇ ಕೋಣೆಯಲ್ಲಿ ಮುಗಿಯುತ್ತದೆ, ಹಾಗಾಗಿ ಅದನ್ನು ಮೊದಲು ಮುಗಿಸಿಬಿಡೋಣ ಅನ್ನಿಸುವುದು ಸಹಜ. ಆದರೆ ಹೊರಗೆ ಹೋದ ವರದಿಗಾರರು ಏನು ತರುತ್ತಾರೆ ಎಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಈಗ ನಾವು ವರದಿಗಳನ್ನು ಮೊದಲು ಮುಗಿಸುತ್ತೇವೆ. ಅವುಗಳ ನಿಜವಾದ ಅವಧಿ ಹಾಳೆಗೆ ಬಂದ ಮೇಲೆ ಆ್ಯಂಕರ್ ಸಾಲು ಬರೆಯುತ್ತೇನೆ. ಹೆಡ್‌ಲೈನ್ ಎಲ್ಲಕ್ಕಿಂತ ಕೊನೆಗೆ. ಯಾವ ಸುದ್ದಿ ಉಳಿಯಿತು ಎಂದು ಖಚಿತವಾಗುವ ತನಕ ಅದನ್ನು ಮುಟ್ಟುವುದಿಲ್ಲ. ಮೂರು ಹೆಡ್‌ಲೈನ್‌ಗಳೂ ಬೇರೆ ಬೇರೆ ತುಣುಕುಗಳು.

ಆ್ಯಂಕರ್ ಸಾಲು ಕೊನೆಗೆ ಬರೆಯುವುದರಿಂದ ಇನ್ನೊಂದು ಲಾಭವಿದೆ. ನಲ್ಲಿಗಳ ಸುದ್ದಿಗೆ ನಾನು ಮೊದಲು ಬರೆದದ್ದು ಹೀಗಿತ್ತು: "ನಮ್ಮ ಶಾಲೆಯ ನಲ್ಲಿಗಳಿಂದ ದಿನವೂ ನೀರು ಪೋಲಾಗುತ್ತಿದ್ದು, ಏಳನೇ ತರಗತಿಯ ಮಕ್ಕಳು ಅದನ್ನು ಅಳೆದು ನೋಡಿದ್ದಾರೆ. ಈ ಕುರಿತು ಒಂದು ವರದಿ." ವರದಿಗಾರನ ಮೊದಲ ಸಾಲು ಕೇಳಿದರೆ, "ನಮ್ಮ ಶಾಲೆಯ ನಲ್ಲಿಗಳಿಂದ ದಿನವೂ ನೀರು ಪೋಲಾಗುತ್ತಿದೆ." ಒಂದೇ ಮಾತು ಎರಡು ಸಲ. ಶಾಲಾ ವಿಡಿಯೊಗಳಲ್ಲಿ ಇದು ತುಂಬಾ ಕಾಣುತ್ತದೆ. ಪ್ರತಿ ಸುದ್ದಿಯಲ್ಲೂ ಏಳೆಂಟು ಸೆಕೆಂಡು ಹೀಗೇ ಹೋಗುತ್ತದೆ, ನೋಡುವವರಿಗೂ ಎಳೆದ ಹಾಗೆ ಅನ್ನಿಸುತ್ತದೆ.

ವರದಿ ಕೈಗೆ ಬಂದ ಮೇಲೆ ಅದನ್ನೇ ಹೀಗೆ ಬದಲಿಸಿದೆ: "ಗಂಟೆ ಹೊಡೆದ ಮೇಲೂ ನಮ್ಮ ಶಾಲೆಯಲ್ಲಿ ಒಂದು ಸದ್ದು ನಿಲ್ಲುವುದಿಲ್ಲ. ಅದು ನಲ್ಲಿಯಿಂದ ತೊಟ್ಟಿಕ್ಕುವ ನೀರಿನ ಸದ್ದು. ಒಂದು ದಿನಕ್ಕೆ ಎಷ್ಟು ನೀರು ಹೋಗುತ್ತಿದೆ? ಏಳನೇ ತರಗತಿಯವರು ಬಕೆಟ್ ಇಟ್ಟು ಅಳೆದರು." ಇಪ್ಪತ್ಮೂರು ಪದ, 14 ಸೆಕೆಂಡು. ಕೊನೆಯ ಪದಗಳು ಬಕೆಟ್ ಮತ್ತು ಅಳತೆ. ಮುಂದಿನ ದೃಶ್ಯದಲ್ಲಿ ಬಕೆಟ್ಟೇ ಕಾಣುತ್ತದೆ. ನಾಲ್ಕು ಸೆಕೆಂಡು ಬರೀ ಹನಿ ಬೀಳುವ ಸದ್ದು, ಆಮೇಲೆ ವರದಿಗಾರನ ದನಿ: "ಬೆಳಿಗ್ಗೆ ಒಂಬತ್ತಕ್ಕೆ ಇಟ್ಟ ಬಕೆಟ್ ಇದು. ಈಗ ಮಧ್ಯಾಹ್ನ ಒಂದು ಗಂಟೆ. ಅರ್ಧ ತುಂಬಿದೆ." ಆ್ಯಂಕರ್ ಕೇಳಿದ ಪ್ರಶ್ನೆಯನ್ನು ವರದಿ ಎತ್ತಿಕೊಳ್ಳುತ್ತದೆ. 'ಈ ಕುರಿತು ಒಂದು ವರದಿ' ಎಂದು ಹೇಳುವ ಅಗತ್ಯವೇ ಬರುವುದಿಲ್ಲ.

ವಾಕ್ಯ ಮುರಿದದ್ದಕ್ಕೆ ಕನ್ನಡದ್ದೇ ಆದ ಕಾರಣವೂ ಇದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಪೋಲಾಗುತ್ತಿದ್ದು' ಎಂದು ಎಳೆದು, ಮತ್ತೊಂದು ಮಾತು ಸೇರಿಸಿ, ಆಮೇಲೆ 'ನೋಡಿದ್ದಾರೆ' ಎಂದು ಮುಗಿಸುವ ಹೊತ್ತಿಗೆ ಹತ್ತು ವರ್ಷದ ಮಗುವಿನ ಉಸಿರು ಮುಗಿದಿರುತ್ತದೆ. ಹಾಗಾಗಿ ಮುಖ್ಯವಾದ ಕ್ರಿಯೆಯೇ ಸಣ್ಣ ದನಿಯಲ್ಲಿ ಕೇಳುತ್ತದೆ. ರಿಹರ್ಸಲ್‌ನಲ್ಲಿ ಕಣ್ಣು ಮುಚ್ಚಿ ಕೇಳಿ. ವಾಕ್ಯದ ಕೊನೆಯ ಪದ ಕೇಳಿಸದಿದ್ದರೆ ಮಗುವಿಗೆ 'ಜೋರಾಗಿ ಓದು' ಎಂದು ಹೇಳಬೇಡಿ, ವಾಕ್ಯವನ್ನು ಎರಡು ಮಾಡಿ. 'ಹಮ್ಮಿಕೊಳ್ಳಲಾಗಿತ್ತು', 'ನೆರವೇರಿಸಲಾಯಿತು' ಇವನ್ನೂ ನಾನು ತೆಗೆಯುತ್ತೇನೆ. ಯಾರು ಮಾಡಿದರು ಎಂದು ಹೇಳಿದರೆ ವಾಕ್ಯ ತಾನಾಗಿ ಚಿಕ್ಕದಾಗುತ್ತದೆ.

ನಲ್ಲಿಗಳ ಸುದ್ದಿಯ 90 ಸೆಕೆಂಡಿನಲ್ಲಿ ಆ್ಯಂಕರ್ ಸಾಲಿನ 14 ಹೋಗಿ ವರದಿಗೆ ಉಳಿದ 76 ಸೆಕೆಂಡನ್ನೂ ಹೀಗೇ ಹಂಚಿದ್ದೆವು. ಮೊದಲ ಸದ್ದು 4, ದನಿ 18, ಅಳೆದ ಹುಡುಗಿಯ ಬೈಟ್, ಅಂದರೆ ಕ್ಯಾಮೆರಾ ಮುಂದೆ ಅವಳೇ ಆಡಿದ ಮಾತು 12, ಮತ್ತೆ ದನಿ 12, ನಲ್ಲಿ ರಿಪೇರಿ ಮಾಡುವವರ ಬೈಟ್ 14, ವರದಿಗಾರ ಕ್ಯಾಮೆರಾ ನೋಡಿ ಹೇಳುವ ಮಾತು 12, ಅವನ ಹೆಸರು ಮತ್ತು ತರಗತಿ 4. ಬೈಟ್ ಅನ್ನು ನಾನು ಎಂದೂ ಬರೆದುಕೊಡುವುದಿಲ್ಲ. ಪ್ರಶ್ನೆ ಮಾತ್ರ ಬರೆದುಕೊಡುತ್ತೇನೆ. ಅದೂ ಹೌದು, ಇಲ್ಲ ಎಂಬ ಉತ್ತರ ಬಾರದಂಥ ಪ್ರಶ್ನೆ. "ನಲ್ಲಿ ಹಾಳಾಗಿದೆಯಾ?" ಎಂದರೆ "ಹೌದು" ಸಿಗುತ್ತದೆ. "ಇದು ಯಾಕೆ ಸೋರುತ್ತಿದೆ?" ಎಂದು ಕೇಳಿದ್ದಕ್ಕೆ ರಿಪೇರಿಯವರು ನಲ್ಲಿ ಬಿಚ್ಚಿ, ಸವೆದ ವಾಷರ್ ಕೈಯಲ್ಲಿ ಹಿಡಿದು ತೋರಿಸಿದರು. ಆ ದೃಶ್ಯ ಸಿಕ್ಕಿದ ಮೇಲೆ ವಾಷರ್ ಬಗ್ಗೆ ದನಿಯಲ್ಲಿ ಬರೆದಿದ್ದ ಎರಡು ಸಾಲು ತೆಗೆದೆ. ಬೈಟ್ ಹೇಳುವುದನ್ನೇ ಅದರ ಹಿಂದಿನ ಸಾಲು ಹೇಳಿಬಿಟ್ಟರೆ ಬೈಟ್ ಸತ್ತಂತೆ.

ಆ್ಯಂಕರ್ ಶೂಟಿಂಗ್ ಬಗ್ಗೆ ಎರಡೇ ಮಾತು. ಪ್ರತಿ ಸಾಲು ಬೇರೆ ಬೇರೆ ತುಣುಕಾಗಿರಲಿ. ಓದುವ ಮುಂಚೆ ಮತ್ತು ಓದಿದ ಮೇಲೆ ಮಗು ಮನಸ್ಸಲ್ಲೇ ಒಂದು, ಎರಡು ಎಣಿಸುತ್ತಾ ಕ್ಯಾಮೆರಾ ನೋಡುತ್ತಿರಲಿ. ಇಲ್ಲದಿದ್ದರೆ ಕೊನೆಯ ಪದದ ಜೊತೆಗೇ ಕಣ್ಣು ಕೆಳಗೆ ಇಳಿದಿರುತ್ತದೆ, ಎಡಿಟಿಂಗ್‌ನಲ್ಲಿ ಕತ್ತರಿಸಲು ಜಾಗ ಸಿಗುವುದಿಲ್ಲ. ಇನ್ನೊಂದು, ಇಬ್ಬರು ಆ್ಯಂಕರ್ ಇದ್ದರೆ ಒಂದೇ ಸುದ್ದಿಯನ್ನು ಹಂಚಿ ಓದಿಸಬೇಡಿ. ಸುದ್ದಿ ಬದಲಾದಾಗ ಮುಖ ಬದಲಾಗಲಿ. 'ಈಗಷ್ಟೇ ನೋಡಿದ ಹಾಗೆ', 'ಇನ್ನೊಂದೆಡೆ' ಎಂದು ಹಿಂದಿನ ಸುದ್ದಿಗೆ ಗಂಟು ಹಾಕುವ ಪದಗಳನ್ನೂ ಬಿಡಿ. ಒಂದನ್ನು ತೆಗೆದರೆ ಇನ್ನೊಂದು ಕುಂಟಬಾರದು, ಅಲ್ವಾ?

ತೆಗೆಯುವ ಸಂದರ್ಭ ಎರಡನೇ ಬುಲೆಟಿನ್‌ನಲ್ಲೂ ಬಂತು. ಗ್ರಂಥಾಲಯದ ಸುದ್ದಿಯ 75 ಸೆಕೆಂಡಿನಲ್ಲಿ ಆ್ಯಂಕರ್ ಸಾಲು ಬಿಟ್ಟು ವರದಿಗೆ 63 ಸೆಕೆಂಡು ಇಟ್ಟಿದ್ದೆ, ಬಂದದ್ದು 85. ಹೊಸ ಸಮಯದಿಂದ ಮನೆಗೆ ಹೋಗುವ ಬಸ್ ತಪ್ಪುತ್ತದೆ ಎಂದು ಒಬ್ಬ ಹುಡುಗ ಹೇಳಿದ್ದ. ಆ ಬೈಟ್ ತೆಗೆದರೆ ವರದಿ ಬರೀ ಪ್ರಕಟಣೆಯಾಗುತ್ತಿತ್ತು. 22 ಸೆಕೆಂಡು ಬೇರೆ ಎಲ್ಲಿಂದ ತರುವುದು? ಹಾಳೆಯಲ್ಲಿ ಒಂದು ಚುಟುಕು ಸುದ್ದಿಗೆ ನಾನು ಮೊದಲೇ ನಕ್ಷತ್ರದ ಗುರುತು ಹಾಕಿದ್ದೆ. ಸಮಯ ಮೀರಿದರೆ ಹೋಗುವುದು ಇದು ಎಂದು ಎಲ್ಲರಿಗೂ ಗೊತ್ತಿತ್ತು. ಅದು ಹೋದಾಗ 20 ಸೆಕೆಂಡು ಸಿಕ್ಕಿತು. ಉಳಿದ ಎರಡು ಸೆಕೆಂಡು ಆಟದ ವರದಿಯ ಚಪ್ಪಾಳೆಯಲ್ಲಿ ಸಿಕ್ಕಿತು. ಆ್ಯಂಕರ್ ಶೂಟಿಂಗ್ ಇನ್ನೂ ಆಗಿರಲಿಲ್ಲವಾದ್ದರಿಂದ ಆ ಸಾಲನ್ನು ಓದಿಸಲೇ ಇಲ್ಲ. ರಾತ್ರಿ ಕೂತು ಯಾರ ಕೆಲಸವನ್ನೂ ಕತ್ತರಿಸಬೇಕಾಗಲಿಲ್ಲ.

ನಕ್ಷತ್ರ ಹಾಕಲು ನನ್ನದೊಂದು ನಿಯಮವಿದೆ. ಅದು ಯಾವಾಗಲೂ ಆ್ಯಂಕರ್ ಓದುವ ಚುಟುಕಿಗೆ. ಆ್ಯಂಕರ್‌ಗೆ ಬೇರೆ ಸಾಲುಗಳಿರುತ್ತವೆ, ಹಾಗಾಗಿ ಒಂದು ಹೋದರೂ ಅವರು ತೆರೆಯ ಮೇಲೆ ಇರುತ್ತಾರೆ. ಹೊರಗೆ ಹೋಗಿ ಬಂದ ಮಗುವಿಗೆ ಇರುವುದು ಒಂದೇ ವರದಿ. ಅದರ ಪಕ್ಕ ನಕ್ಷತ್ರ ಬೀಳುವುದಿಲ್ಲ. ಆ ಬುಲೆಟಿನ್‌ನ ಕೊನೆಯ 45 ಸೆಕೆಂಡು, ಮರಿಗಳು ಹಾರಿಹೋದ ಮೇಲೆ ಖಾಲಿಯಾದ ಗೂಡಿನ ಕೆಳಗೆ ನಿಂತು ಆರನೇ ತರಗತಿಯ ಆ ಹುಡುಗಿ ಹೇಳಿದ ವರದಿಯದ್ದಾಗಿತ್ತು.